ಜಾಹೀರಾತು ಯಾಕೆ ರಿಜೆಕ್ಟ್ ಆಯ್ತು? ಮನೆಯಲ್ಲೇ ತಯಾರಿಸಿ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಟ್ಟು, ಮಾಲ್ಟ್, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಬರೆದುಕೊಡುವುದು ನನ್ನ ಕೆಲಸ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ "ಜಾಹೀರಾತು ರಿಜೆಕ್ಟ್ ಆಗಿದೆ, ನಾವೇನು ತಪ್ಪು ಮಾಡಿದ್ವಿ?" ಅಂತ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರದ್ದು ಒಂದೇ ತೊಂದರೆ: ತಿನ್ನುವ ವಸ್ತುವನ್ನು ಔಷಧಿಯ ಹಾಗೆ ಮಾರಲು ಹೋಗಿರುತ್ತಾರೆ. ಹಾಗಾಗಿ ಇಲ್ಲಿ ಅದನ್ನೇ ಜಾಸ್ತಿ ಬರೆದಿದ್ದೇನೆ. ಉಳಿದದ್ದನ್ನು ಬೇಕಾದಷ್ಟು ಮಾತ್ರ ಹೇಳಿದ್ದೇನೆ.

ಬೂಸ್ಟ್ ಒತ್ತಿದೆ, ರಿಜೆಕ್ಟ್ ಆಯ್ತು. ಆದರೆ ಪೋಸ್ಟ್ ಪೇಜಿನಲ್ಲಿ ಹಾಗೇ ಇದೆ. ಇದೇನಿದು?

ಪೋಸ್ಟಿಗೆ ಒಂದು ನಿಯಮ, ಜಾಹೀರಾತಿಗೆ ಇನ್ನೊಂದು ನಿಯಮ. ನಿಮ್ಮ ಪೇಜಿನಲ್ಲಿ ಸುಮ್ನೆ ಹಾಕಿದ ಪೋಸ್ಟಿಗೆ ಎಲ್ಲರಿಗೂ ಇರುವ ಸಾಮಾನ್ಯ ನಿಯಮಗಳು ಸಾಕು. ಬೈಗುಳ, ಹಿಂಸೆ, ಮೋಸ ಇಂಥದ್ದಿದ್ದರೆ ಮಾತ್ರ ತೆಗೆಯುತ್ತಾರೆ. ದುಡ್ಡು ಕೊಟ್ಟು ಅದೇ ಪೋಸ್ಟನ್ನು ಗುರುತಿಲ್ಲದವರ ಮುಂದೆ ಇಡಲು ಹೊರಟಾಗ ಅದು ಜಾಹೀರಾತಾಗುತ್ತದೆ. ಆಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ನಡೆಸುವ ಮೆಟಾ ಕಂಪನಿಯ ಜಾಹೀರಾತು ನಿಯಮಗಳೂ ಸೇರಿಕೊಳ್ಳುತ್ತವೆ, ಅವು ಇನ್ನೂ ಬಿಗಿ. ಬೂಸ್ಟ್ ಮಾಡುವುದೂ ಜಾಹೀರಾತೇ.

ಹಾಗಾಗಿ "ಪೋಸ್ಟ್ ಇದೆಯಲ್ಲ, ಅಂದರೆ ತಪ್ಪಿಲ್ಲ" ಅಂದುಕೊಂಡು ಅದನ್ನೇ ಮತ್ತೆ ಮತ್ತೆ ಬೂಸ್ಟ್ ಮಾಡಬೇಡಿ. ಪ್ರತಿ ಸಲ ರಿಜೆಕ್ಟ್ ಆದಾಗಲೂ ನಿಮ್ಮ ಖಾತೆಯ ಲೆಕ್ಕದಲ್ಲಿ ಅದು ಸೇರುತ್ತದೆ.

ಇದನ್ನು ಯಾರು ನೋಡುತ್ತಾರೆ? ಎಷ್ಟು ಹೊತ್ತು ಬೇಕು?

ಮೊದಲ ಸುತ್ತಿನಲ್ಲಿ ಬಹುಪಾಲು ಮೆಷಿನ್ನೇ ನೋಡುತ್ತದೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಮುಗಿಯುತ್ತದೆ, ಕೆಲವೊಮ್ಮೆ ಜಾಸ್ತಿಯೂ ಆಗಬಹುದು. ಬರೆದ ಸಾಲು, ಫೋಟೋ, ವಿಡಿಯೋ, ಫೋಟೋದೊಳಗಿನ ಅಕ್ಷರ, ಯಾರಿಗೆ ತೋರಿಸಲು ಹೇಳಿದ್ದೀರಿ ಅನ್ನುವುದು, ಒತ್ತಿದರೆ ತೆರೆಯುವ ಪುಟ, ಇವೆಲ್ಲ ಪರೀಕ್ಷೆಗೆ ಒಳಪಡುತ್ತವೆ. ಒಮ್ಮೆ ಪಾಸಾದ ಮೇಲೂ ಮತ್ತೆ ಪರೀಕ್ಷೆಗೆ ಹೋಗಬಹುದು. ಜನ ಆ ಜಾಹೀರಾತಿನ ಮೇಲೆ ದೂರು ಕೊಟ್ಟರೆ ಹಾಗಾಗುವುದುಂಟು. "ಮೂರು ದಿನ ಓಡಿತು, ನಾಲ್ಕನೇ ದಿನ ನಿಂತಿತು" ಅನ್ನುವವರದ್ದು ಈ ಕಥೆ.

ಕಾರಣ ಎಲ್ಲಿ ಸಿಗುತ್ತದೆ?

ಫೋನಿಗೆ ಬಂದ ನೋಟಿಫಿಕೇಶನ್‌ನಲ್ಲಿ ಅರ್ಧ ಸಾಲು ಇರುತ್ತದೆ. ಅದನ್ನು ಓದಿ ಊಹೆ ಮಾಡಬೇಡಿ. ಬ್ರೌಸರ್‌ನಲ್ಲಿ ಈ ವಿಳಾಸ ತೆರೆಯಿರಿ:

```
facebook.com/business-support-home
```

ನಿಮ್ಮ ಜಾಹೀರಾತು ಖಾತೆಯನ್ನು ಆರಿಸಿದರೆ ರಿಜೆಕ್ಟ್ ಆದ ಜಾಹೀರಾತು, ಅದಕ್ಕೆ ಯಾವ ನಿಯಮ ತಗುಲಿತು ಅನ್ನುವುದು ಕಾಣುತ್ತದೆ. ಆ ನಿಯಮದ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಿ. ಅದು ಗೊತ್ತಿಲ್ಲದೆ ಜಾಹೀರಾತು ತಿದ್ದುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

"Personal attributes" ಅಂತ ಬಂದಿದೆ. ನಾನು ಯಾರ ಹೆಸರನ್ನೂ ಬರೆದಿಲ್ಲವಲ್ಲ?

ಈ ಪ್ರಶ್ನೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ನಿಧಾನವಾಗಿ ಹೇಳುತ್ತೇನೆ.

ನಮ್ಮ ವ್ಯಾಪಾರದ ಕನ್ನಡ ಶುರುವಾಗುವುದೇ ಪ್ರಶ್ನೆಯಿಂದ. ಸಂತೆಯಲ್ಲಿ ಬೇರು-ನಾರು ಮಾರುವವನು "ಮಂಡಿ ನೋವಾ? ಸೊಂಟ ನೋವಾ? ಬನ್ನಿ ಇಲ್ಲಿ" ಅಂತಲೇ ಕೂಗುತ್ತಾನೆ. ಬಸ್ಸಿನಲ್ಲಿ ಹತ್ತಿ ಮುಲಾಮು ಮಾರುವವನದ್ದೂ ಅದೇ ರಾಗ. ಅದನ್ನೇ ನಾವು ಜಾಹೀರಾತಿನಲ್ಲೂ ಬರೆಯುತ್ತೇವೆ: "ನಿಮಗೆ ಶುಗರ್ ಇದೆಯಾ?" "ದಪ್ಪ ಇದ್ದೀರಾ?" "ಸಾಲದಲ್ಲಿ ಮುಳುಗಿದ್ದೀರಾ?"

ಸಂತೆಯಲ್ಲಿ ಆ ಕೂಗು ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ಫೋನಿನಲ್ಲಿ ಹಾಗಲ್ಲ. ಒಬ್ಬ ಹೆಂಗಸು ರಾತ್ರಿ ಮಲಗುವ ಮೊದಲು ಫೋನ್ ನೋಡುತ್ತಿದ್ದಾರೆ. ಅವರಿಗೆ ಹೋದ ವಾರವಷ್ಟೇ ಶುಗರ್ ಅಂತ ಗೊತ್ತಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಅಷ್ಟರಲ್ಲಿ "ನಿಮಗೆ ಶುಗರ್ ಇದೆಯಾ?" ಅಂತ ಬರುತ್ತದೆ. ಇವರಿಗೆ ಹೇಗೆ ಗೊತ್ತಾಯ್ತು ಅಂತ ಎದೆ ಧಸಕ್ ಅನ್ನುವುದಿಲ್ಲವೇ? ಈ ನಿಯಮ ತಡೆಯುವುದು ಅದನ್ನೇ. ಓದುವವರಿಗೆ ಇಂಥ ಕಾಯಿಲೆ ಇದೆ, ಇಷ್ಟು ವಯಸ್ಸು, ಈ ಧರ್ಮ, ಈ ಹಣಕಾಸಿನ ಸ್ಥಿತಿ ಅಂತ ಜಾಹೀರಾತು ಹೇಳಬಾರದು. ನೇರವಾಗಿ ಮಾತ್ರವಲ್ಲ, ಸೂಚನೆಯಾಗಿಯೂ ಹೇಳಬಾರದು. ಪ್ರಶ್ನೆಯ ರೂಪದಲ್ಲಿದ್ದರೂ ಅದು ಸೂಚನೆಯೇ.

ಕಾಯಿಲೆಯ ಹೆಸರೇ ಬರಬಾರದು ಅಂತ ಈ ನಿಯಮ ಹೇಳುವುದಿಲ್ಲ. "ನಮ್ಮಲ್ಲಿ ಮಧುಮೇಹ ತಪಾಸಣೆ ಮಾಡುತ್ತೇವೆ" ಅಂತ ಒಂದು ಲ್ಯಾಬ್ ಬರೆಯಬಹುದು, ಏಕೆಂದರೆ ಅದು ಲ್ಯಾಬಿನ ಬಗ್ಗೆ ಇರುವ ಮಾತು. "ನಿಮ್ಮ ಮಧುಮೇಹಕ್ಕೆ ಇಲ್ಲಿ ಬನ್ನಿ" ಅಂದರೆ ಅದು ಓದುವವರ ಬಗ್ಗೆ ಇರುವ ಮಾತು. ನಾನು ಹೀಗೆ ಪರೀಕ್ಷೆ ಮಾಡುತ್ತೇನೆ: ಸಾಲನ್ನು ಗಟ್ಟಿಯಾಗಿ ಓದಿ, "ಇದು ಯಾರ ಬಗ್ಗೆ?" ಅಂತ ಕೇಳಿಕೊಳ್ಳುತ್ತೇನೆ. ವಸ್ತುವಿನ ಬಗ್ಗೆ ಇದ್ದರೆ ಇರಲಿ. ಓದುವವರ ದೇಹ, ಕಾಯಿಲೆ, ಜೇಬಿನ ಬಗ್ಗೆ ಇದ್ದರೆ ತೆಗೆಯಿರಿ.

ಕನ್ನಡದಲ್ಲಿ ಬರೆದರೆ ಮೆಷಿನ್‌ಗೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ ಅಂದುಕೊಂಡೇ ಬರೆಯಿರಿ. ಕೆಲವೊಮ್ಮೆ ತಪ್ಪಿಸಿಕೊಂಡು ಓಡುವುದು ನಿಜ. ಆದರೆ ಆಮೇಲೆ ಮರುಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ಅಷ್ಟೊತ್ತಿಗೆ ಅದೇ ರೀತಿಯ ಹತ್ತು ಜಾಹೀರಾತು ನಿಮ್ಮ ಖಾತೆಯಲ್ಲಿ ಕೂತಿರುತ್ತವೆ. ಆಗ ಒಂದಕ್ಕಲ್ಲ, ಇಡೀ ಖಾತೆಗೇ ತೊಂದರೆ.

ಒಂದು ಜಾಹೀರಾತನ್ನು ಪೂರ್ತಿ ತಿದ್ದಿ ತೋರಿಸಿ.

ಧಾರವಾಡದ ಹತ್ತಿರದ ಒಂದು ಮಹಿಳಾ ಸಂಘದವರು ನವಣೆ ಮಾಲ್ಟ್ ಮಾಡುತ್ತಾರೆ. ಒಳ್ಳೆಯ ಮಾಲು, ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಅವರು ಹಾಕಿದ್ದ ಜಾಹೀರಾತು ಹೀಗಿತ್ತು:

"ನಿಮಗೆ ಶುಗರ್ ಇದೆಯಾ? ಇಂಜೆಕ್ಷನ್ ತಗೊಂಡು ಸಾಕಾಯ್ತಾ? ನಮ್ಮ ಮಾಲ್ಟ್ ಕುಡಿಯಿರಿ. 21 ದಿನದಲ್ಲಿ ಶುಗರ್ ಮಾಯ! 100% ಗ್ಯಾರಂಟಿ! ಸೈಡ್ ಎಫೆಕ್ಟ್ ಇಲ್ಲ!"

ಕೆಳಗೆ ಫೋಟೋ. ಎಡಗಡೆ ಒಂದು ಲ್ಯಾಬ್ ರಿಪೋರ್ಟ್, 286 ಅನ್ನುವುದಕ್ಕೆ ಕೆಂಪು ಸುತ್ತು. ಬಲಗಡೆ ಇನ್ನೊಂದು ರಿಪೋರ್ಟ್, 112 ಅನ್ನುವುದಕ್ಕೆ ಹಸಿರು ಸುತ್ತು. ನಡುವೆ ಮಾಲ್ಟ್ ಪ್ಯಾಕೆಟ್.

ಮೊದಲ ಎರಡು ಸಾಲು ಓದುವವರಿಗೆ ಕಾಯಿಲೆ ಇದೆ ಅನ್ನುತ್ತವೆ. ಮೇಲೆ ಹೇಳಿದ ನಿಯಮ ಅಲ್ಲೇ ತಗುಲಿತು. "21 ದಿನದಲ್ಲಿ ಮಾಯ" ಅನ್ನುವುದು ಯಾರೂ ಮಾತು ಕೊಡಲಾಗದ ಫಲಿತಾಂಶ. "ಇಂಜೆಕ್ಷನ್ ಸಾಕಾಯ್ತಾ" ಅನ್ನುವ ಸಾಲು ನನಗೆ ನಿಜಕ್ಕೂ ಭಯ ಹುಟ್ಟಿಸಿತು. ಅದನ್ನು ಓದಿ ಒಬ್ಬರು ಇನ್ಸುಲಿನ್ ಬಿಟ್ಟರೆ ಆಸ್ಪತ್ರೆ ಸೇರುತ್ತಾರೆ. ಫೋಟೋದಲ್ಲಿ "ಮೊದಲು ಹೀಗೆ, ಆಮೇಲೆ ಹೀಗೆ" ಅಂತ ತೋರಿಸಿದ್ದರಿಂದ ಅದೇ ಸುಳ್ಳು ಭರವಸೆ ಇನ್ನೊಂದು ಸಲ ಬಂತು.

ಸಂಘದ ಅಧ್ಯಕ್ಷೆ ಹೇಳಿದರು: "ಸರ, ನಾವ್ ಸುಳ್ಳ ಹೇಳಿಲ್ರಿ. ಅದು ನಮ್ಮ ಅತ್ತಿಯವರ ರಿಪೋರ್ಟ್ ಐತ್ರಿ." ನಾನು ಕೇಳಿದೆ: "ಅಕ್ಕಾರ, ಆ ಮೂರು ವಾರ ಅತ್ತಿಯವರು ಗುಳಿಗಿ ತಗೊಂತಿದ್ರೇನ್ರಿ?" ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಹೌದ್ರಿ. ಡಾಕ್ಟ್ರು ಡೋಸ್ ಬ್ಯಾರೆ ಹೆಚ್ಚ ಮಾಡಿದ್ರು." ಅಲ್ಲಿಗೆ ಆ ಫೋಟೋ ತೆಗೆದೆವು.

ಆಮೇಲೆ ಮಾಲ್ಟ್ ಹೇಗೆ ಮಾಡುತ್ತೀರಿ ಅಂತ ಕೇಳಿದೆ. ಅವರು ಹತ್ತು ನಿಮಿಷ ಹೇಳಿದರು. ಅದನ್ನೇ ಬರೆದೆ:

"ನವಣೆ, ರಾಗಿ, ಹೆಸರುಕಾಳು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿದ ಮಾಲ್ಟ್. ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ನೀರಿಗೆ ಹಾಕಿ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ. ಬೆಳಗಿನ ಅಂಬಲಿ ಐದು ನಿಮಿಷದಲ್ಲಿ ಸಿದ್ಧ. ಅರ್ಧ ಕೆಜಿಗೆ 180 ರೂಪಾಯಿ."

ಹೊಸ ಫೋಟೋದಲ್ಲಿ ಹಿತ್ತಾಳೆ ಲೋಟದಲ್ಲಿ ಅಂಬಲಿ, ಪಕ್ಕದಲ್ಲಿ ಪ್ಯಾಕೆಟ್. ಕಳಿಸಿದೆವು. ಮತ್ತೆ ರಿಜೆಕ್ಟ್.

ಬರೆದದ್ದನ್ನು ನಾಲ್ಕು ಸಲ ಓದಿದೆ, ಏನೂ ಸಿಗಲಿಲ್ಲ. ಕೊನೆಗೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಪ್ಯಾಕೆಟ್ಟಿನ ಮೂಲೆಯಲ್ಲಿ ದುಂಡನೆಯ ಹಳದಿ ಸ್ಟಿಕ್ಕರ್: "ಶುಗರ್‌ಗೆ ರಾಮಬಾಣ". ಪ್ಯಾಕೆಟ್ ತಿರುಗಿಸಿ, ಹಿಂಬದಿ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಜಾಹೀರಾತು ಪಾಸಾಯಿತು. ಮುಂದಿನ ಬಾರಿ ಪ್ರಿಂಟ್ ಹಾಕಿಸುವಾಗ ಆ ಸ್ಟಿಕ್ಕರನ್ನೇ ಬಿಟ್ಟರು.

ಅಂದಿನಿಂದ ನಾನು ಫೋಟೋ ಕಳಿಸುವ ಮೊದಲು ಎರಡು ಬೆರಳಿಟ್ಟು ಹಿಗ್ಗಿಸಿ, ಲೇಬಲ್ಲಿನ ಒಂದೊಂದು ಅಕ್ಷರವನ್ನೂ ಓದುತ್ತೇನೆ. ಪೇಜಿನ ಹೆಸರನ್ನೂ ನೋಡುತ್ತೇನೆ. ಅದು ಪ್ರತಿ ಜಾಹೀರಾತಿನ ತಲೆಯ ಮೇಲೆ ಕಾಣುತ್ತದಲ್ಲ! "ಶುಗರ್ ಕ್ಯೂರ್ ಫುಡ್ಸ್" ಅಂತ ಪೇಜಿಗೆ ಹೆಸರಿಟ್ಟರೆ ಒಳಗಿನ ಸಾಲು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಗ್ರಾಹಕರೇ "ನನಗೆ ಗುಣ ಆಯ್ತು" ಅಂತ ವಾಟ್ಸಾಪ್ ಮಾಡಿದ್ದಾರೆ. ಅದರ ಸ್ಕ್ರೀನ್‌ಶಾಟ್ ಹಾಕಬಹುದಾ?

ಬೇಡ. ಮಾತು ಗ್ರಾಹಕರದ್ದಾದರೂ ಜಾಹೀರಾತು ನಿಮ್ಮದು. ಅವರ ಬಾಯಿಂದ ಹೇಳಿಸಿದರೂ "ಗುಣ ಮಾಡುತ್ತದೆ" ಅನ್ನುವ ಹೇಳಿಕೆ ಹೇಳಿಕೆಯೇ.

ಇಲ್ಲಿ ಫೇಸ್‌ಬುಕ್ಕಿಗಿಂತ ದೊಡ್ಡ ವಿಷಯ ಒಂದಿದೆ. ಭಾರತದಲ್ಲಿ 1954ರಿಂದಲೇ ಒಂದು ಕಾನೂನಿದೆ, ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ. ಅದರಲ್ಲಿ ಕೆಲವು ಕಾಯಿಲೆಗಳ ಪಟ್ಟಿ ಇದೆ. ಮಧುಮೇಹ, ಬಿಪಿ, ಬೊಜ್ಜು, ಕ್ಯಾನ್ಸರ್ ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ ಆಗಬಹುದು. "ನಮ್ಮದು ಆಹಾರ, ಔಷಧಿ ಅಲ್ಲ" ಅಂತ ಹೇಳಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಕಾಯಿಲೆಗೆ ಮದ್ದು ಅಂತ ಮಾರಲು ಹೊರಟ ಮೇಲೆ ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯಬಹುದು. ಆಹಾರ ಅಂತಲೇ ಇಟ್ಟುಕೊಂಡರೂ, ಕಾಯಿಲೆ ತಡೆಯುತ್ತದೆ, ಗುಣ ಮಾಡುತ್ತದೆ ಅಂತ ಆಹಾರದ ಜಾಹೀರಾತಿನಲ್ಲಿ ಹೇಳುವುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ಬಿಡುವುದಿಲ್ಲ. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕುವ ಅಧಿಕಾರವಿದೆ.

ಗ್ರಾಹಕರ ಮಾತು ಹಾಕಲೇಬೇಕು ಅಂದರೆ ರುಚಿ, ಪ್ಯಾಕಿಂಗ್, ಬೇಗ ಬಂದದ್ದು, ಮಕ್ಕಳು ಇಷ್ಟಪಟ್ಟದ್ದು, ಇಂಥವನ್ನು ಅವರ ಒಪ್ಪಿಗೆ ತೆಗೆದುಕೊಂಡು ಹಾಕಿ.

ಹಾಗಾದರೆ ಆರೋಗ್ಯದ ಬಗ್ಗೆ ಏನೂ ಹೇಳುವ ಹಾಗಿಲ್ಲವಾ?

ಹೇಳಬಹುದು, ಆದರೆ ಕಾಯಿಲೆಯ ಬಗ್ಗೆ ಅಲ್ಲ, ವಸ್ತುವಿನಲ್ಲಿ ಏನಿದೆ ಅನ್ನುವುದರ ಬಗ್ಗೆ. ಅದಕ್ಕೂ ಲೆಕ್ಕ ಇದೆ. ನಾರಿನಂಶದ ಉದಾಹರಣೆ ತಗೊಳ್ಳಿ. 100 ಗ್ರಾಂ ಹಿಟ್ಟಿನಲ್ಲಿ ಕನಿಷ್ಠ 3 ಗ್ರಾಂ ನಾರು ಇದ್ದರೆ "ನಾರಿನಂಶ ಇದೆ" ಅನ್ನಬಹುದು. 6 ಗ್ರಾಂ ಇದ್ದರೆ "ನಾರಿನಂಶ ಹೇರಳವಾಗಿದೆ" ಅನ್ನಬಹುದು. ನಿಮ್ಮ ಮಾಲಿನಲ್ಲಿ ಎಷ್ಟಿದೆ ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟ್ ಇಟ್ಟುಕೊಂಡು ಬರೆಯಿರಿ.

"ಸಕ್ಕರೆ ಸೇರಿಸಿಲ್ಲ" ಅನ್ನುವುದರಲ್ಲಿ ತುಂಬಾ ಜನ ಎಡವುತ್ತಾರೆ. ಬಿಳಿ ಸಕ್ಕರೆ ಹಾಕದೆ ಬೆಲ್ಲ ಹಾಕಿರುತ್ತಾರೆ, ಇಲ್ಲ ಜೇನುತುಪ್ಪ. ಅವೂ ಸಕ್ಕರೆಯ ಲೆಕ್ಕವೇ. ಬೆಲ್ಲ ಹಾಕಿದ್ದರೆ "ಬೆಲ್ಲ ಹಾಕಿ ಮಾಡಿದ್ದು" ಅಂತ ನೇರವಾಗಿ ಬರೆಯಿರಿ. ಅದಕ್ಕೂ ಕೊಳ್ಳುವವರಿದ್ದಾರೆ.

"ಡಯಾಬಿಟಿಕ್ ಫ್ರೆಂಡ್ಲಿ" ಅನ್ನುವ ಮಾತನ್ನು ನಾನು ಬರೆಯುವುದಿಲ್ಲ. ವಿಶೇಷ ಪಥ್ಯದ ಆಹಾರಕ್ಕೆ ಬೇರೆಯೇ ನಿಯಮಗಳಿವೆ. ಮನೆಯಲ್ಲಿ ಮಾಡುವವರಿಗೆ ಅದು ದೂರದ ದಾರಿ. ಬದಲಿಗೆ ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಫೋಟೋದಲ್ಲಿ ಕಾಣುವ ಹಾಗೆ ಇಡಿ. ನೋಡುವವರಿಗೆ ಅದರಿಂದಲೇ ಧೈರ್ಯ ಬರುತ್ತದೆ.

ಶುಗರ್ ಇರುವವರಿಗೆ ಮಾತ್ರ ತೋರಿಸಲು ಆಗುತ್ತಾ?

ಇಲ್ಲ. ಹಿಂದೆ ವಿಶ್ವ ಮಧುಮೇಹ ದಿನದಂಥ ವಿಷಯಗಳಲ್ಲಿ ಆಸಕ್ತಿ ಇರುವವರನ್ನು ಆರಿಸಲು ಬರುತ್ತಿತ್ತು. 2022ರ ಜನವರಿಯಲ್ಲಿ ಆರೋಗ್ಯಕ್ಕೆ ಸಂಬಂಧಪಟ್ಟ ಇಂಥ ಆಯ್ಕೆಗಳನ್ನು ಮೆಟಾ ತೆಗೆಯಿತು. ಈಗ ಊರು, ವಯಸ್ಸು, ಅಡುಗೆ, ಸಿರಿಧಾನ್ಯ ಇಂಥ ವಿಷಯಗಳ ಮೇಲೆ ಆರಿಸಿ. ಸಕ್ಕರೆ ಇಲ್ಲದ ಅಂಬಲಿ ಯಾರಿಗೆ ಬೇಕೋ ಅವರು ಅದನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಆ ಮಹಿಳಾ ಸಂಘಕ್ಕೆ ಫೋನ್ ಮಾಡಿದವರಲ್ಲಿ ಎಷ್ಟೋ ಜನ "ನಮ್ಮ ಅಪ್ಪಾಜಿಗೆ ಬೇಕಾಗಿತ್ತು" ಅಂತಲೇ ಮಾತು ಶುರು ಮಾಡಿದರಂತೆ.

ಇನ್ನೊಂದು ವಿಷಯ. ತೂಕ ಇಳಿಸುವ ಪುಡಿ, ಸಪ್ಲಿಮೆಂಟ್ ಇಂಥವನ್ನು ಮಾರುವುದಾದರೆ ವಯಸ್ಸನ್ನು 18ರಿಂದ ಮೇಲಕ್ಕೆ ಇಡಲೇಬೇಕು. ಹೊಟ್ಟೆಯ ಕೊಬ್ಬನ್ನು ಹಿಂಡಿ ಹಿಡಿದ ಫೋಟೋ, ದಪ್ಪ-ತೆಳು ಅಕ್ಕಪಕ್ಕ ಇಟ್ಟ ಫೋಟೋ ನಡೆಯುವುದಿಲ್ಲ. ನೋಡಿದವರಿಗೆ ತಮ್ಮ ಮೈ ಮೇಲೆ ಬೇಸರ ಬರುವಂಥದ್ದು ಯಾವುದೂ ಬೇಡ.

ಬರೆದದ್ದು, ಫೋಟೋ ಎರಡೂ ಸರಿ ಇವೆ. ಆದರೂ ರಿಜೆಕ್ಟ್. ಇನ್ನೆಲ್ಲಿ ನೋಡಲಿ?

ಲಿಂಕ್ ಒತ್ತಿ ನೋಡಿ. ನಿಮ್ಮ ಫೋನಿನಲ್ಲಿ ಅಲ್ಲ, ಆ ವೆಬ್‌ಸೈಟನ್ನು ಒಮ್ಮೆಯೂ ತೆರೆಯದ ಬೇರೆಯವರ ಫೋನಿನಲ್ಲಿ. ಪುಟ ತೆರೆಯುತ್ತದೆಯಾ? ಜಾಹೀರಾತಿನಲ್ಲಿ ಮಾಲ್ಟ್ ತೋರಿಸಿ, ಲಿಂಕ್ ಒತ್ತಿದರೆ ಉಪ್ಪಿನಕಾಯಿ ಪುಟಕ್ಕೆ ಹೋಗುತ್ತದೆಯಾ? ಜಾಹೀರಾತಿನಿಂದ ತೆಗೆದ "21 ದಿನದಲ್ಲಿ ಮಾಯ" ಅಲ್ಲಿ ಇನ್ನೂ ಇದೆಯಾ? ಹೆಚ್ಚಿನವರದ್ದು ಇಲ್ಲೇ ಸಿಗುತ್ತದೆ. ಜಾಹೀರಾತು ತಿದ್ದಿರುತ್ತಾರೆ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೇಳುವುದನ್ನು ಮರೆತಿರುತ್ತಾರೆ. ವಾಟ್ಸಾಪ್‌ಗೆ ಹೋಗುವ ಜಾಹೀರಾತಾದರೆ, ಚಾಟ್ ತೆರೆದಾಗ ತಾನಾಗಿ ಬರುವ ಸ್ವಾಗತದ ಸಾಲನ್ನೂ ಓದಿ. "ನಿಮ್ಮ ಶುಗರ್ ಎಷ್ಟಿದೆ ತಿಳಿಸಿ" ಅಂತ ಅಲ್ಲಿ ಉಳಿದಿದ್ದರೆ ಅದೂ ಜಾಹೀರಾತಿನ ಭಾಗವೇ.

ತಿದ್ದಬೇಕಾ, "Request review" ಒತ್ತಬೇಕಾ?

ತಪ್ಪು ನಿಮ್ಮದೇ ಅಂತ ಗೊತ್ತಾದರೆ ತಿದ್ದಿ. ತಿದ್ದಿ ಪಬ್ಲಿಷ್ ಮಾಡಿದ ಕೂಡಲೇ ಅದು ತಾನಾಗಿ ಪರೀಕ್ಷೆಗೆ ಹೋಗುತ್ತದೆ, ಬೇರೆ ಅರ್ಜಿ ಬೇಡ. ನಿಯಮವನ್ನು ಪೂರ್ತಿ ಓದಿ, ಲೇಬಲ್, ಲಿಂಕ್ ಎಲ್ಲ ನೋಡಿಯೂ ತಪ್ಪು ಕಾಣದಿದ್ದರೆ, ಏನನ್ನೂ ಮುಟ್ಟದೆ "Request review" ಒತ್ತಿ. ಮೆಷಿನ್ ತಪ್ಪುವುದೂ ಉಂಟು. ಉದಾಹರಣೆಗೆ ಚಾಕು, ಕುಡುಗೋಲು ಮಾಡುವ ಕಮ್ಮಾರರ ಅಡುಗೆ ಚಾಕುವಿನ ಫೋಟೋವನ್ನು ಅದು ಆಯುಧ ಅಂದುಕೊಳ್ಳಬಹುದು. ಅಂಥ ಕಡೆ ಮರುಪರಿಶೀಲನೆ ಕೇಳುವುದೇ ಸರಿ.

ಬೂಸ್ಟ್ ಮಾಡಿದ ಪೋಸ್ಟಾದರೆ ನಾನು ಹಳೆಯದನ್ನು ತಿದ್ದಲು ಹೋಗುವುದಿಲ್ಲ. ಸರಿ ಮಾಡಿದ ಸಾಲು, ಸರಿ ಮಾಡಿದ ಫೋಟೋ ಹಾಕಿ ಹೊಸ ಪೋಸ್ಟ್ ಮಾಡಿ, ಅದನ್ನು ಬೂಸ್ಟ್ ಮಾಡುತ್ತೇನೆ.

"ಶು.ಗ.ರ್" ಅಂತ ಚುಕ್ಕಿ ಇಟ್ಟು ಬರೆದರೆ ಪಾಸಾಗುತ್ತೆ ಅಂತ ಒಬ್ಬರು ಹೇಳಿದರು. ನಿಜಾನಾ?

ದಯವಿಟ್ಟು ಮಾಡಬೇಡಿ. ಅಕ್ಷರದ ನಡುವೆ ಚುಕ್ಕಿ, ಕನ್ನಡದ ನಡುವೆ ಇಂಗ್ಲಿಷ್ ಅಕ್ಷರ, ಪರೀಕ್ಷೆಗೆ ಒಂದು ಪುಟ ತೋರಿಸಿ ಜನರಿಗೆ ಇನ್ನೊಂದು ಪುಟ ತೆರೆಯುವುದು, ಇವೆಲ್ಲ "Circumventing systems" ಅನ್ನುವ ನಿಯಮಕ್ಕೆ ಬರುತ್ತವೆ. ಅಂದರೆ ಪರೀಕ್ಷೆಯ ಕಣ್ಣಿಗೆ ಮಣ್ಣೆರಚುವುದು. ತಪ್ಪು ಸಾಲು ಬರೆದರೆ ಜಾಹೀರಾತು ಹೋಗುತ್ತದೆ. ಕಣ್ಣಿಗೆ ಮಣ್ಣೆರಚಿದರೆ ಖಾತೆಯೇ ಹೋಗುತ್ತದೆ. ಐದು ವರ್ಷ ಕಷ್ಟಪಟ್ಟು ಬೆಳೆಸಿದ ಪೇಜನ್ನು ಒಂದು ಚುಕ್ಕಿಗೆ ಕಳೆದುಕೊಳ್ಳಬೇಡಿ.

ಜಾಹೀರಾತು ಹಾಕುವುದನ್ನೇ ನಿಲ್ಲಿಸಿದ್ದಾರೆ. ಹೊಸ ಖಾತೆ ಮಾಡಲಾ?

ಬೇಡ, ಅದೂ ಮೇಲೆ ಹೇಳಿದ ನಿಯಮಕ್ಕೇ ಬೀಳುತ್ತದೆ. ಮೊದಲು ಯಾವುದು ನಿಂತಿದೆ ಅಂತ ನೋಡಿ. ಜಾಹೀರಾತು ಖಾತೆಯಾ, ಪೇಜಾ, ಅಥವಾ ನಿಮ್ಮ ಸ್ವಂತ ಫೇಸ್‌ಬುಕ್ ಪ್ರೊಫೈಲಿಗೆ ಜಾಹೀರಾತು ಹಾಕುವ ಹಕ್ಕಾ? ಮೂರೂ ಬೇರೆ ಬೇರೆ. ಅದೇ Business Support Home ಪುಟದಲ್ಲಿ ಗೊತ್ತಾಗುತ್ತದೆ. ಅಲ್ಲಿಂದಲೇ ಮರುಪರಿಶೀಲನೆ ಕೇಳಿ. ಗುರುತಿನ ಚೀಟಿ ಕೇಳಬಹುದು. ಫೇಸ್‌ಬುಕ್ಕಿನಲ್ಲಿರುವ ಹೆಸರು, ಚೀಟಿಯಲ್ಲಿರುವ ಹೆಸರು ಒಂದೇ ಇದ್ದರೆ ಒಳ್ಳೆಯದು. "ಪ್ರೀತಿಯ ಮಂಜು" ಅಂತ ಪ್ರೊಫೈಲ್ ಇಟ್ಟುಕೊಂಡು ಆಧಾರ್‌ನಲ್ಲಿ ಬೇರೆ ಹೆಸರಿದ್ದರೆ ಗುರುತು ಹೊಂದಿಸುವುದೇ ಕಷ್ಟ.

ಕೇಳುವ ಮೊದಲು ಖಾತೆಯಲ್ಲಿರುವ ಹಳೆಯ ರಿಜೆಕ್ಟ್ ಜಾಹೀರಾತುಗಳನ್ನು ಓದಿ ನೋಡಿ. ಈಗ ಓಡುತ್ತಿರುವುದರಲ್ಲಿ ಅದೇ ಸಾಲು ಇದ್ದರೆ ಮೊದಲು ಅದನ್ನು ನಿಲ್ಲಿಸಿ.

ಹಬ್ಬದ ಶುಭಾಶಯದ ಪೋಸ್ಟ್ ಯಾಕೆ ರಿಜೆಕ್ಟ್ ಆಯ್ತು? ಅದರಲ್ಲಿ ಮಾರುವುದೇನೂ ಇರಲಿಲ್ಲ.

ಮೂಲೆಯಲ್ಲಿ ಶಾಸಕರ ಫೋಟೋ ಇತ್ತಾ? ಗಣೇಶನ ಹಬ್ಬ, ರಾಜ್ಯೋತ್ಸವಕ್ಕೆ ಅಂಗಡಿಯವರು ಊರಿನ ನಾಯಕರ ಫೋಟೋ ಸೇರಿಸಿ ಬ್ಯಾನರ್ ಮಾಡಿಸುವುದು ನಮ್ಮ ಕಡೆ ಮಾಮೂಲು. ಅದನ್ನೇ ಬೂಸ್ಟ್ ಮಾಡಿದರೆ ಅದು ರಾಜಕೀಯ ಜಾಹೀರಾತಿನ ಲೆಕ್ಕಕ್ಕೆ ಹೋಗಬಹುದು. ಅಂಥದ್ದನ್ನು ಹಾಕಲು ಮೊದಲೇ ಗುರುತು ದೃಢಪಡಿಸಿ, ಯಾರು ದುಡ್ಡು ಕೊಟ್ಟರು ಅಂತ ಜಾಹೀರಾತಿನ ಮೇಲೆ ತೋರಿಸಬೇಕು. ಬ್ಯಾನರನ್ನು ಬೀದಿಯಲ್ಲಿ ಕಟ್ಟಿ, ಬೂಸ್ಟ್‌ಗೆ ಗಣಪನೊಬ್ಬನೇ ಇರುವ ಚಿತ್ರ ಹಾಕಿ.

ಫೋಟೋದಲ್ಲಿ ಅಕ್ಷರ ಜಾಸ್ತಿ ಇದ್ದರೆ ರಿಜೆಕ್ಟ್ ಮಾಡುತ್ತಾರಾ?

ಈಗ ಇಲ್ಲ. 20 ಶೇಕಡಾಕ್ಕಿಂತ ಜಾಸ್ತಿ ಜಾಗದಲ್ಲಿ ಅಕ್ಷರ ಇರಬಾರದು ಅನ್ನುವ ನಿಯಮ 2020ರಲ್ಲೇ ಹೋಯಿತು.

ಗೂಗಲ್ ಜಾಹೀರಾತಿಗೂ ಇದೇ ನಿಯಮಾನಾ?

ಮೂಲ ಒಂದೇ: ಕಾಯಿಲೆ ಗುಣ ಮಾಡುವ ಭರವಸೆ ಬೇಡ, ಓದುವವರ ಆರೋಗ್ಯದ ಬಗ್ಗೆ ಊಹೆ ಬೇಡ. ಗೂಗಲ್ ಬರವಣಿಗೆಯ ಶಿಸ್ತನ್ನೂ ನೋಡುತ್ತದೆ. ಶೀರ್ಷಿಕೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕುವಂತಿಲ್ಲ. "ಆಫರ್!!!" ಅಂತ ಬರೆದು ನಿಂತುಹೋದವರು ಬಹಳ. ಚಿಹ್ನೆ ತೆಗೆದರೆ ಮುಗಿಯಿತು. "Destination not working" ಅಂತ ಬಂದರೆ ವೆಬ್‌ಸೈಟ್ ತೆರೆಯುತ್ತಿಲ್ಲ ಅಂತ ಅರ್ಥ.

ರಿಜೆಕ್ಟ್ ಆದ ಜಾಹೀರಾತಿಗೆ ದುಡ್ಡು ಹೋಗುತ್ತಾ?

ಓಡದೇ ಇದ್ದರೆ ಹೋಗುವುದಿಲ್ಲ. ಮೂರು ದಿನ ಓಡಿ ಆಮೇಲೆ ನಿಂತಿದ್ದರೆ, ಆ ಮೂರು ದಿನ ಜನರಿಗೆ ತೋರಿಸಿದ್ದಕ್ಕೆ ಹೋಗುತ್ತದೆ.

"ನಿಮ್ಮ ಪೇಜ್ 24 ಗಂಟೆಯಲ್ಲಿ ಡಿಲೀಟ್ ಆಗುತ್ತದೆ" ಅಂತ ಮೆಟಾದಿಂದ ಮೆಸೆಂಜರ್‌ಗೆ ಸಂದೇಶ ಬಂದಿದೆ. ಏನು ಮಾಡಲಿ?

ಅದರಲ್ಲಿರುವ ಲಿಂಕ್ ಒತ್ತಬೇಡಿ. ರಿಜೆಕ್ಟ್ ಆಗಿ ಗಾಬರಿಯಲ್ಲಿರುವವರನ್ನೇ ಹಿಡಿಯುವ ಕಳ್ಳರು ಇವರು. ಮೆಟಾದ ಚಿಹ್ನೆ ಹಾಕಿಕೊಂಡು, "ಸಪೋರ್ಟ್" ಅಂತ ಹೆಸರಿಟ್ಟುಕೊಂಡ ಯಾರದ್ದೋ ಪೇಜಿನಿಂದ ಬರೆಯುತ್ತಾರೆ, ಇಲ್ಲವೇ ನಿಮ್ಮ ಪೇಜನ್ನು ಟ್ಯಾಗ್ ಮಾಡುತ್ತಾರೆ. ಲಿಂಕ್ ಒತ್ತಿದರೆ ಫೇಸ್‌ಬುಕ್ಕಿನ ಹಾಗೇ ಕಾಣುವ ಪುಟ ಬರುತ್ತದೆ. ಅಲ್ಲಿ ಪಾಸ್‌ವರ್ಡ್, ಆಮೇಲೆ ಫೋನಿಗೆ ಬಂದ ಕೋಡ್ ಕೇಳುತ್ತದೆ. ಕೊಟ್ಟ ಕೂಡಲೇ ಪೇಜು ಅವರ ಕೈಗೆ ಹೋಗುತ್ತದೆ. ಪೇಜಿಗೆ ಕಾರ್ಡ್ ಜೋಡಿಸಿದ್ದರೆ ನಿಮ್ಮ ದುಡ್ಡಿನಲ್ಲಿ ಅವರ ಜಾಹೀರಾತು ಓಡುತ್ತದೆ.

ಸಂದೇಶ ನಿಜವೋ ಸುಳ್ಳೋ ಅಂತ ನೋಡಲು ಒಂದೇ ದಾರಿ ಸಾಕು. ಅದನ್ನು ಮುಚ್ಚಿ, ಮೇಲೆ ಕೊಟ್ಟ Business Support Home ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ನಿಜವಾದ ತೊಂದರೆ ಇದ್ದರೆ ಅಲ್ಲಿ ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಆ ಸಂದೇಶವನ್ನು ರಿಪೋರ್ಟ್ ಮಾಡಿ ಅಳಿಸಿ. ಈಗಾಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ, ಇದನ್ನು ಓದುವುದು ನಿಲ್ಲಿಸಿ ಮೊದಲು ಪಾಸ್‌ವರ್ಡ್ ಬದಲಿಸಿ, ಬೇರೆ ಎಲ್ಲೆಲ್ಲಿ ಲಾಗಿನ್ ಆಗಿದೆಯೋ ಅವೆಲ್ಲವನ್ನೂ ಹೊರಗೆ ಹಾಕಿ, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ ದೂರು ಕೊಡಿ.